ಕಂತಿನ ಗಾಡಿ: ಅಸಲೆಷ್ಟು, ಬಡ್ಡಿಯೆಷ್ಟು?

ಸಕಲೇಶಪುರ, ಆಲೂರು ಸೀಮೆಯಲ್ಲಿ ಗಾಡಿ ಎಂಬುದು ಶೋಕಿಯ ವಸ್ತುವಲ್ಲ. ಕಾಫಿ, ಮೆಣಸು, ಶುಂಠಿ ಮೂಟೆಗಳು ತೋಟದಿಂದ ಪೇಟೆಗೆ ಇಳಿಯಬೇಕಾದರೆ ಪಿಕಪ್ ಬೇಕೇ ಬೇಕು. ಕೈಯಲ್ಲಿ ಪೂರ್ತಿ ಹಣವಿಲ್ಲದವರು ಕಂತಿನ ಮೇಲೆ ಕೊಳ್ಳುತ್ತಾರೆ. ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟುತ್ತಾರೆ. ಆದರೆ ಆ ಒಂದೇ ಮೊತ್ತದ ಒಳಗೆ ನಡೆಯುವ ಲೆಕ್ಕವನ್ನು ಕೇಳುವವರು ಕಡಿಮೆ.

ಒಬ್ಬ ಬೆಳೆಗಾರರು ಮುಂಗಡ ಕಟ್ಟಿ, ಉಳಿದ 6,00,000 ರೂಪಾಯಿಗೆ ಸಾಲ ಮಾಡಿದರೆಂದು ಇಟ್ಟುಕೊಳ್ಳಿ. ಐದು ವರ್ಷದ ಅವಧಿ. ಏಜೆಂಟು ಹೇಳಿದ ಬಡ್ಡಿ ‘ಬರೀ ಎಂಟು ಪರ್ಸೆಂಟ್’. ವರ್ಷಕ್ಕೆ 48,000, ಐದು ವರ್ಷಕ್ಕೆ 2,40,000. ಅಸಲು ಸೇರಿಸಿ 8,40,000. ಅದನ್ನು 60ರಿಂದ ಭಾಗಿಸಿದರೆ ತಿಂಗಳಿಗೆ 14,000. ಶಾಲೆಯ ಹುಡುಗನೂ ಮಾಡುವ ಲೆಕ್ಕ. ಇದಕ್ಕೇ ಫ್ಲ್ಯಾಟ್ ರೇಟ್ ಎನ್ನುವುದು.

ಇಲ್ಲೊಂದು ಸೂಕ್ಷ್ಮವಿದೆ. ನೀವು ತಿಂಗಳು ತಿಂಗಳೂ ಅಸಲನ್ನು ತೀರಿಸುತ್ತಾ ಬರುತ್ತೀರಿ. ಆದರೂ ಐದನೆಯ ವರ್ಷದಲ್ಲಿಯೂ ಪೂರ್ತಿ ಆರು ಲಕ್ಷದ ಮೇಲೆಯೇ ಬಡ್ಡಿ ಹಾಕಿದ್ದಾರೆ. ನಿಜವಾಗಿ ನಿಮ್ಮ ಬಳಿ ಉಳಿದಿರುವ ಬಾಕಿಗೆ ಮಾತ್ರ ಬಡ್ಡಿ ಎಂದು ಲೆಕ್ಕ ಹಾಕಿದರೆ ಇದೇ ಕಂತು ವರ್ಷಕ್ಕೆ ಸುಮಾರು 14.1 ಪರ್ಸೆಂಟ್ ಆಗುತ್ತದೆ, ತಿಂಗಳಿಗೆ 1.177. ಬ್ಯಾಂಕೊಂದು ‘ಬಾಕಿಯ ಮೇಲೆ ಹನ್ನೆರಡು’ ಎಂದರೆ ಅದು ದುಬಾರಿ ಎಂದು ಬಿಟ್ಟು, ‘ಎಂಟು’ ಎಂದವರ ಹತ್ತಿರ ಹೋಗುವವರು ಮೋಸ ಹೋಗುವುದು ಇಲ್ಲಿಯೇ.

ಈಗ ಕಂತನ್ನು ಬಿಡಿಸಿ ನೋಡೋಣ. ಮೊದಲ ತಿಂಗಳು ಆರು ಲಕ್ಷಕ್ಕೆ ಬಡ್ಡಿ ಸುಮಾರು 7,060. ಕಟ್ಟಿದ 14,000ದಲ್ಲಿ ಅಸಲಿಗೆ ಹೋದದ್ದು 6,940 ಮಾತ್ರ. ಎರಡನೆಯ ತಿಂಗಳು ಬಾಕಿ ಅಷ್ಟು ಇಳಿದಿರುವುದರಿಂದ ಬಡ್ಡಿ 6,980ಕ್ಕೆ ಬರುತ್ತದೆ, ಅಸಲು 7,020ಕ್ಕೆ ಏರುತ್ತದೆ. ಹೀಗೆ ಬಡ್ಡಿ ಸವೆಯುತ್ತಾ, ಅಸಲು ಬೆಳೆಯುತ್ತಾ ಹೋಗಿ, ಕೊನೆಯ ಕಂತಿನಲ್ಲಿ ಬಡ್ಡಿ ಬರೀ 160 ರೂಪಾಯಿಯಷ್ಟು. ಅರ್ಧ ಅವಧಿಗೆ ಅರ್ಧ ಸಾಲ ತೀರುತ್ತದೆಂದು ತಿಳಿಯಬೇಡಿ. 35 ಕಂತು ಕಟ್ಟಿದ ಮೇಲೂ ಮೂರು ಲಕ್ಷಕ್ಕಿಂತ ತುಸು ಹೆಚ್ಚೇ ಅಸಲು ಉಳಿದಿರುತ್ತದೆ.

ಜಗಳ ಹುಟ್ಟುವುದು ಮಧ್ಯದಲ್ಲಿ ಸಾಲ ಮುಗಿಸಲು ಹೋದಾಗ. ಎರಡು ವರ್ಷ ಕಟ್ಟಿದ ಮೇಲೆ ಮೆಣಸಿಗೆ ಒಳ್ಳೆಯ ಬೆಲೆ ಸಿಕ್ಕಿತು, ಬೆಳೆಗಾರರು ಕಂಪನಿಗೆ ಹೋದರು. ‘ಐದರಲ್ಲಿ ಎರಡು ಪಾಲು ಮುಗಿದಿದೆ, ಉಳಿದದ್ದು 3,60,000’ ಎಂಬುದು ಅವರ ಲೆಕ್ಕ. ಗುಮಾಸ್ತರು 4,09,000ದ ಚೀಟಿ ಕೊಡುತ್ತಾರೆ. ಸಿಟ್ಟು ಬರುವುದು ಸಹಜ. ಆದರೆ ಗುಮಾಸ್ತರ ಲೆಕ್ಕದಲ್ಲಿ ತಪ್ಪಿಲ್ಲ. ಕಟ್ಟಿದ 3,36,000ದಲ್ಲಿ ಸುಮಾರು 1,45,000 ಬಡ್ಡಿಗೆ ಹೋಗಿದೆ, ಅಸಲಿಗೆ ಬಂದದ್ದು 1,91,000. ಚೀಟಿಯಲ್ಲಿ ಇದಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ‘ಯಾವ ಬಾಬ್ತು?’ ಎಂದು ಕೇಳಿ: ತಡವಾದ ಕಂತಿನ ದಂಡವೋ, ಮೊದಲೇ ಮುಗಿಸುವ ಶುಲ್ಕವೋ, ಮುಂದಿನ ವರ್ಷಗಳ ಬಡ್ಡಿಯನ್ನೂ ಸೇರಿಸಿದ್ದಾರೆಯೋ.

ಇದರಿಂದಲೇ ಇನ್ನೊಂದು ಮಾತು. ನಮ್ಮ ಕಡೆ ಹಣ ಓಡಾಡುವುದು ಕಾಫಿ, ಮೆಣಸು ಮಾರಿದಾಗ. ಮಳೆಗಾಲದಲ್ಲಿ ಬಾಡಿಗೆಯೂ ಇಲ್ಲ, ಕೂಲಿ ಮಾತ್ರ ಇದೆ. ಕೈಗೆ ಬಂದ 50,000ವನ್ನು ಮೊದಲ ವರ್ಷದ ಕೊನೆಗೆ ಅಸಲಿಗೆ ಕಟ್ಟಿ, ಕಂತನ್ನು ಹಾಗೆಯೇ ಮುಂದುವರಿಸಿದರೆ, ಕೊನೆಯ ಸುಮಾರು ಆರು ಕಂತುಗಳು ಉಳಿಯುತ್ತವೆ. ಬಡ್ಡಿಯಲ್ಲಿ 35,000 ಉಳಿತಾಯ. ಅದೇ ಹಣವನ್ನು ನಾಲ್ಕನೆಯ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಆರು ಸಾವಿರ ಚಿಲ್ಲರೆ. ಆದರೆ ಹೀಗೆ ಭಾಗಶಃ ಕಟ್ಟಲು ಒಪ್ಪಂದದಲ್ಲಿ ಅವಕಾಶವಿದೆಯೇ, ಕಟ್ಟಿದ ದಿನವೇ ಬಾಕಿ ಇಳಿಸುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಕೆಲವರು ಆ ಹಣವನ್ನು ಮುಂದಿನ ಕಂತುಗಳಿಗೆ ಮುಂಗಡವೆಂದು ಜಮಾ ಮಾಡಿಕೊಳ್ಳುತ್ತಾರೆ; ಆಗ ಬಡ್ಡಿ ಇಳಿಯುವುದಿಲ್ಲ.

2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ, ಶುಲ್ಕಗಳೂ ಸೇರಿದ ನಿಜವಾದ ವಾರ್ಷಿಕ ದರವನ್ನೂ ಕಂತುವಾರು ಪಟ್ಟಿಯನ್ನೂ ಬರೆದ ಮುಖ್ಯಾಂಶಗಳ ಹಾಳೆಯನ್ನು ಸಾಲ ಪಡೆಯುವವರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಆ ಹಾಳೆ ಕೇಳಿ ಪಡೆಯಿರಿ, ಜೋಪಾನ ಮಾಡಿ. ಹೈರ್ ಪರ್ಚೇಸ್‌ಗೆಂದೇ 1972ರಲ್ಲಿ ಒಂದು ಕಾಯಿದೆ ಆಗಿತ್ತು. ಅದು ಜಾರಿಗೇ ಬರದೆ 2005ರಲ್ಲಿ ರದ್ದಾಯಿತು. ಹಾಗಾಗಿ ಒಪ್ಪಂದದ ಕಾಗದವೇ ನಿಮಗೆ ಮುಖ್ಯ ಆಧಾರ.

ಶುದ್ಧ ಹೈರ್ ಪರ್ಚೇಸ್‌ನಲ್ಲಿ ಕೊನೆಯ ಕಂತಿನ ತನಕ ಗಾಡಿಯ ಒಡೆತನ ಹಣ ಕೊಟ್ಟವರದೇ. ಈಗ ಹೆಚ್ಚಾಗಿ ನಡೆಯುವ ಹೈಪಾತಿಕೇಶನ್‌ನಲ್ಲಿ ಗಾಡಿ ನಿಮ್ಮದು, ಅದು ಅಡಮಾನದಲ್ಲಿರುತ್ತದೆ. ಎರಡರಲ್ಲೂ ಆರ್.ಸಿ.ಯಲ್ಲಿ ಅವರ ಹೆಸರು ಇರುತ್ತದೆ. ಕಂತು ಮುಗಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಅವರಿಂದ ಎನ್.ಓ.ಸಿ.ಯನ್ನೂ ಸಹಿ ಮಾಡಿದ ಫಾರಂ 35ನ್ನೂ ಪಡೆದು, ಗಾಡಿ ನೋಂದಣಿಯಾಗಿರುವ ಆರ್.ಟಿ.ಓ. ಕಚೇರಿಗೆ, ಕೆ.ಎ. 46 ಗಾಡಿಯಾದರೆ ಸಕಲೇಶಪುರದ ಕಚೇರಿಗೆ, ಕೊಡಬೇಕು. ಇದನ್ನು ಮರೆತವರಿಗೆ ನೆನಪಾಗುವುದು ಗಾಡಿ ಮಾರಲು ಗಿರಾಕಿ ಬಂದು ಆರ್.ಸಿ. ತೆರೆದು ನೋಡಿದ ದಿನ.