ಒಪ್ಪಿಗೆ ಯಾವುದಕ್ಕೆ, ಹೊಣೆ ಯಾರಿಗೆ



ಕಾನೂನು ಪದವಿಯ ಪರೀಕ್ಷೆಗೆ ಕೂರುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಸೈಬರ್ ಕಾನೂನಿನ ಪಾಠಕ್ಕೆ ಬಂದಾಗ ಸಾಮಾನ್ಯವಾಗಿ ಒಂದು ಪಟ್ಟಿ ಬರೆದುಕೊಳ್ಳುತ್ತಾರೆ. 66ಸಿ ಎಂದರೆ ಗುರುತಿನ ಕಳವು, 66ಡಿ ಎಂದರೆ ಇನ್ನೊಬ್ಬರ ಸೋಗಿನಲ್ಲಿ ವಂಚನೆ, 66ಎಫ್ ಎಂದರೆ ಸೈಬರ್ ಭಯೋತ್ಪಾದನೆ. ಸಂಖ್ಯೆ ಕೊಟ್ಟು ಅಪರಾಧ ಕೇಳಿದರೆ ಈ ಪಟ್ಟಿ ಸಾಕು. ಸನ್ನಿವೇಶ ಕೊಟ್ಟು ಉತ್ತರ ಕೇಳಿದರೆ ಸಾಲದು. ಅಲ್ಲಿ ನಾಲ್ಕು ಆಯ್ಕೆಗಳೂ ಸರಿಯಂತೆಯೇ ಕಾಣುತ್ತವೆ. ಅಂಥ ಒಂದೇ ಒಂದು ಪ್ರಶ್ನೆಯನ್ನು ಇವತ್ತು ನಿಧಾನವಾಗಿ ಬಿಡಿಸೋಣ. ಇದು ನಾನೇ ಕಟ್ಟಿದ ಪ್ರಶ್ನೆ. ಆದರೆ ಇದರಲ್ಲಿರುವ ಸಂಗತಿ ಪೊಲೀಸ್ ಠಾಣೆಗಳಿಗೆ ದೂರಾಗಿ ಬರುವಂಥದ್ದೇ.

ಪ್ರಶ್ನೆ ಹೀಗಿದೆ. ಇಪ್ಪತ್ತೈದು ವರ್ಷದ ಯುವತಿಯೊಬ್ಬಳು ತನ್ನ ನಗ್ನ ಚಿತ್ರ ತೆಗೆಯಲು ಗೆಳೆಯನಿಗೆ ಒಪ್ಪಿಗೆ ಕೊಟ್ಟಳು. ಕೆಲವು ತಿಂಗಳ ನಂತರ ಸಂಬಂಧ ಮುರಿಯಿತು. ಅವನು ಆ ಚಿತ್ರವನ್ನು ಒಂದು ಸಾಮಾಜಿಕ ಜಾಲತಾಣಕ್ಕೆ ಹಾಕಿದ. ಆಕೆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟಳು. ‘ಕೋರ್ಟ್ ಆದೇಶ ತನ್ನಿ, ಆಮೇಲೆ ನೋಡೋಣ’ ಎಂಬ ಉತ್ತರ ಬಂತು. ಚಿತ್ರ ಅಲ್ಲೇ ಉಳಿಯಿತು. ಈಗ ಯಾರ ಹೊಣೆ ಏನು?

ಆಯ್ಕೆ ಎ: ಚಿತ್ರ ತೆಗೆಯಲು ಆಕೆಯೇ ಒಪ್ಪಿದ್ದರಿಂದ ಅಪರಾಧವೇ ಇಲ್ಲ. ಆಯ್ಕೆ ಬಿ: ಗೆಳೆಯನದು ಅಪರಾಧ, ಕೋರ್ಟ್ ಆದೇಶ ಬರುವವರೆಗೆ ಜಾಲತಾಣಕ್ಕೆ ಯಾವ ಹೊಣೆಯೂ ಇಲ್ಲ. ಆಯ್ಕೆ ಸಿ: ಗೆಳೆಯನದು ಅಪರಾಧ, ದೂರು ಬಂದ ಮೇಲೂ ಗಡುವಿನೊಳಗೆ ಚಿತ್ರ ತೆಗೆಯದಿದ್ದರೆ ಜಾಲತಾಣ ತನ್ನ ಕಾನೂನು ರಕ್ಷಣೆ ಕಳೆದುಕೊಳ್ಳುತ್ತದೆ. ಆಯ್ಕೆ ಡಿ: ಚಿತ್ರ ಜಾಲತಾಣಕ್ಕೆ ಏರಿದ ಕ್ಷಣದಿಂದಲೇ ಗೆಳೆಯನೂ ಜಾಲತಾಣವೂ ಸಮಾನ ಅಪರಾಧಿಗಳು.

ಮೊದಲು ಎ ಆಯ್ಕೆ. ‘ಒಪ್ಪಿದ್ದಳಲ್ಲ’ ಎಂಬ ಮಾತು ನಮ್ಮ ಸುತ್ತಮುತ್ತ ಬಹಳ ಕೇಳಿಬರುತ್ತದೆ. ಕಾನೂನು ಮಾತ್ರ ಒಡನೆಯೇ ಮರುಪ್ರಶ್ನೆ ಹಾಕುತ್ತದೆ: ಒಪ್ಪಿದ್ದು ಯಾವುದಕ್ಕೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಮೂರು ಬೇರೆ ಬೇರೆ ಕೆಲಸಗಳನ್ನು ಹೆಸರಿಸುತ್ತದೆ. ವ್ಯಕ್ತಿಯ ಗುಪ್ತಾಂಗದ ಚಿತ್ರವನ್ನು ತೆಗೆಯುವುದು, ಪ್ರಕಟಿಸುವುದು, ರವಾನಿಸುವುದು. ಈ ಮೂರರಲ್ಲಿ ಯಾವುದನ್ನೇ ಆಗಲಿ, ಆ ವ್ಯಕ್ತಿಯ ಸಮ್ಮತಿ ಇಲ್ಲದೆ, ಖಾಸಗಿತನಕ್ಕೆ ಧಕ್ಕೆಯಾಗುವ ಸಂದರ್ಭದಲ್ಲಿ, ಉದ್ದೇಶಪೂರ್ವಕವಾಗಿ ಅಥವಾ ಗೊತ್ತಿದ್ದೂ ಮಾಡಿದರೆ ಅಪರಾಧ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತೆಗೆಯಲು ಕೊಟ್ಟ ಒಪ್ಪಿಗೆ ಪ್ರಕಟಿಸುವುದಕ್ಕೆ ಸಲ್ಲುವುದಿಲ್ಲ. ಕೆಲಸ ಬೇರೆ, ಒಪ್ಪಿಗೆಯೂ ಬೇರೆ.

ಇದೇ ಮಾತನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇನ್ನಷ್ಟು ಬಿಡಿಸಿ ಹೇಳುತ್ತದೆ. ಅದರ 77ನೇ ಸೆಕ್ಷನ್ ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವ, ಸೆರೆಹಿಡಿಯುವ, ಹರಡುವ ಅಪರಾಧದ್ದು. ಹಳೆಯ ದಂಡ ಸಂಹಿತೆಯಲ್ಲಿ 354ಸಿ ಆಗಿದ್ದದ್ದು. ಆ ಸೆಕ್ಷನ್ನಿನ ಎರಡನೇ ವಿವರಣೆಯ ಪ್ರಕಾರ, ಚಿತ್ರ ತೆಗೆಯಲು ಒಪ್ಪಿ, ಮೂರನೆಯವರಿಗೆ ಹಂಚಲು ಒಪ್ಪದಿದ್ದಾಗ, ಹಂಚಿದ್ದು ಅಪರಾಧವೇ. ನಮ್ಮ ಪ್ರಶ್ನೆಯ ಗೆಳೆಯ ನೇರವಾಗಿ ಇಲ್ಲಿಗೆ ಬರುತ್ತಾನೆ. ಮೊದಲ ಸಲ ಅಪರಾಧ ಸಾಬೀತಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಜೈಲು, ಜೊತೆಗೆ ದಂಡ. ಎ ಆಯ್ಕೆ ಬಿದ್ದುಹೋಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. 77ನೇ ಸೆಕ್ಷನ್ ರಕ್ಷಿಸುವುದು ಮಹಿಳೆಯನ್ನು. 66ಇ ‘ಯಾವುದೇ ವ್ಯಕ್ತಿ’ ಎನ್ನುತ್ತದೆ. ಆದ್ದರಿಂದ ಚಿತ್ರ ಪುರುಷನದಾಗಿದ್ದರೆ 77 ಸಿಗುವುದಿಲ್ಲ, 66ಇ ಸಿಗುತ್ತದೆ. ಇನ್ನು, ಚಿತ್ರವನ್ನು ಆಕೆಯೇ ಸೆಲ್ಫಿಯಾಗಿ ತೆಗೆದು ಕಳಿಸಿದ್ದರೆ? ಆಗಲೂ 66ಇ ಗಟ್ಟಿಯಾಗಿ ನಿಲ್ಲುತ್ತದೆ. ಪ್ರಕಟಿಸಿದ್ದು ಯಾರು, ಅದಕ್ಕೆ ಸಮ್ಮತಿ ಇತ್ತೇ ಎಂಬುದಷ್ಟೇ ಅದಕ್ಕೆ ಮುಖ್ಯ. ಚಿತ್ರ ತೆಗೆದವರು ಯಾರೆಂದು ಅದು ಕೇಳುವುದಿಲ್ಲ.

66ಇಗೂ ಮಿತಿಯಿದೆ. ಮೈತುಂಬ ಬಟ್ಟೆ ತೊಟ್ಟ ಮಾಮೂಲಿ ಫೋಟೋವನ್ನು ಒಪ್ಪಿಗೆ ಇಲ್ಲದೆ ಹಾಕಿದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಗುಪ್ತಾಂಗ ಎಂದರೆ ಏನೇನು ಎಂದು ಅದರಲ್ಲೇ ವ್ಯಾಖ್ಯಾನ ಇದೆ. ನಗ್ನವಾಗಿರಬೇಕು, ಇಲ್ಲವೇ ಒಳಉಡುಪು ಮಾತ್ರ ಇರಬೇಕು. ‘ಒಪ್ಪಿಗೆ ಇಲ್ಲದೆ ಯಾವುದೇ ಫೋಟೋ ಹಾಕಿದರೂ 66ಇ’ ಎಂಬ ಆಯ್ಕೆ ಕಂಡರೆ ಅದು ತಪ್ಪು.

ಇದರ ಪಕ್ಕದಲ್ಲೇ 67ನೇ ಸೆಕ್ಷನ್ ಇಟ್ಟು ನೋಡಿ. ಅಶ್ಲೀಲ ವಿಷಯವನ್ನು ವಿದ್ಯುನ್ಮಾನ ರೂಪದಲ್ಲಿ ಪ್ರಕಟಿಸುವುದು, ರವಾನಿಸುವುದು ಅದರ ವಸ್ತು. ಲೈಂಗಿಕ ಕ್ರಿಯೆಯೇ ನೇರವಾಗಿದ್ದರೆ 67ಎ. ಈ ಎರಡರಲ್ಲೂ ಸಮ್ಮತಿ ಎಂಬ ಮಾತೇ ಇಲ್ಲ. ಚಿತ್ರದಲ್ಲಿರುವವರು ಪೂರ್ತಿ ಒಪ್ಪಿ ಪ್ರಕಟಿಸಿದರೂ ವಿಷಯ ಅಶ್ಲೀಲವಾಗಿದ್ದರೆ 67 ತಾಗುತ್ತದೆ. 66ಇ ಕಾಪಾಡುವುದು ವ್ಯಕ್ತಿಯ ಖಾಸಗಿತನವನ್ನು, ಹಾಗಾಗಿ ಅದು ವ್ಯಕ್ತಿಯನ್ನು ಕೇಳುತ್ತದೆ. 67 ನೋಡುವುದು ವಿಷಯವನ್ನು, ಹಾಗಾಗಿ ವ್ಯಕ್ತಿಯ ಒಪ್ಪಿಗೆ ಅದಕ್ಕೆ ಲೆಕ್ಕಕ್ಕೆ ಬಾರದು. ‘ಸಮ್ಮತಿ ಯಾವ ಸೆಕ್ಷನ್ನಿನ ಅಂಶ’ ಎಂಬ ಪ್ರಶ್ನೆಗೆ ಈ ವ್ಯತ್ಯಾಸವೇ ಉತ್ತರ.

ಈಗ ಜಾಲತಾಣದ ಕಡೆ ಬರೋಣ. ಕಾಯ್ದೆ ಅದನ್ನು ‘ಮಧ್ಯವರ್ತಿ’ ಎನ್ನುತ್ತದೆ. ಬೇರೆಯವರ ಮಾಹಿತಿಯನ್ನು ಪಡೆದು, ಇಟ್ಟುಕೊಂಡು, ಸಾಗಿಸುವ ಸೇವೆ. 2004ರಲ್ಲಿ ಬಾಜೀ ಡಾಟ್ ಕಾಮ್ ಎಂಬ ಮಾರಾಟ ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊವೊಂದನ್ನು ಮಾರಾಟಕ್ಕಿಟ್ಟ. ಪೊಲೀಸರು ಕಂಪನಿಯ ಮುಖ್ಯಸ್ಥರನ್ನೇ ಬಂಧಿಸಿದರು. ಬಳಕೆದಾರ ಹಾಕಿದ್ದಕ್ಕೆ ತಾಣ ನಡೆಸುವವರು ಎಷ್ಟು ಹೊಣೆ ಎಂಬ ಚರ್ಚೆ ದೇಶದಲ್ಲಿ ಬಿಸಿಯೇರಿದ್ದು ಆಗ. 2008ರ ತಿದ್ದುಪಡಿ 79ನೇ ಸೆಕ್ಷನ್ನನ್ನು ಹೊಸದಾಗಿ ಬರೆಯಿತು. ಅದು ಜಾರಿಗೆ ಬಂದದ್ದು 2009ರ ಅಕ್ಟೋಬರ್ 27ರಂದು.

ಆ 79ರ ತಿರುಳು ಇಷ್ಟು. ಮೂರನೆಯವರು ಹಾಕಿದ ಮಾಹಿತಿಗೆ ಮಧ್ಯವರ್ತಿ ಹೊಣೆಯಲ್ಲ, ಆದರೆ ಷರತ್ತುಗಳಿವೆ. ಮಾಹಿತಿಯನ್ನು ತಾನೇ ಹೊರಡಿಸಿರಬಾರದು, ಯಾರಿಗೆ ತಲುಪಬೇಕೆಂದು ತಾನೇ ಆರಿಸಿರಬಾರದು, ಅದರ ಒಳಗನ್ನು ಆಯ್ದಿರಬಾರದು, ತಿದ್ದಿರಬಾರದು. ಜೊತೆಗೆ ನಿಯಮಗಳು ಹೇಳುವ ಎಚ್ಚರವನ್ನೂ ವಹಿಸಿರಬೇಕು. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟರೆ ರಕ್ಷಣೆ ಹೋಗುತ್ತದೆ. ಕಾನೂನುಬಾಹಿರ ವಿಷಯ ತನ್ನಲ್ಲಿದೆ ಎಂದು ನಿಜವಾಗಿ ತಿಳಿದ ಮೇಲೂ ಬೇಗ ತೆಗೆಯದಿದ್ದರೂ ಹೋಗುತ್ತದೆ. ಈ ಷರತ್ತುಗಳನ್ನು ಪಾಲಿಸುವವರೆಗೆ ರಕ್ಷಣೆ ಇದ್ದೇ ಇರುವುದರಿಂದ, ಏರಿದ ಕ್ಷಣದಿಂದಲೇ ಜಾಲತಾಣವೂ ಅಪರಾಧಿ ಎನ್ನುವ ಡಿ ಆಯ್ಕೆ ನಿಲ್ಲುವುದಿಲ್ಲ.

ಉಳಿದದ್ದು ಬಿ ಮತ್ತು ಸಿ. ಚೆನ್ನಾಗಿ ಓದಿದವರೇ ಬಿ ಆಯ್ಕೆಯಲ್ಲಿ ಎಡವುತ್ತಾರೆ, ಅದಕ್ಕೆ ಕಾರಣವೂ ಇದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ಸೆಕ್ಷನ್ನನ್ನು ರದ್ದು ಮಾಡಿತು. ಅದೇ ತೀರ್ಪಿನಲ್ಲಿ 79ರ ‘ನಿಜವಾಗಿ ತಿಳಿಯುವುದು’ ಎಂಬುದಕ್ಕೂ ಅರ್ಥ ಕೊಟ್ಟಿತು: ಕೋರ್ಟ್ ಆದೇಶದಿಂದ ಅಥವಾ ಸರ್ಕಾರದ ಸೂಚನೆಯಿಂದ ತಿಳಿದರೆ ಮಾತ್ರ ಅದು ತಿಳಿದಂತೆ. ಲಕ್ಷಾಂತರ ದೂರುಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ಖಾಸಗಿ ಕಂಪನಿಯೇ ತೀರ್ಪು ಕೊಡುವಂತಾಗಬಾರದು ಎಂಬುದು ಅದರ ಹಿಂದಿನ ಕಾಳಜಿ. ಇದನ್ನು ಓದಿಕೊಂಡವರು ‘ಕೋರ್ಟ್ ಆದೇಶ’ ಎಂಬ ಪದ ಕಂಡ ತಕ್ಷಣ ಬಿಗೆ ಗುರುತು ಹಾಕುತ್ತಾರೆ.

ಆದರೆ 2021ರಲ್ಲಿ ಮಧ್ಯವರ್ತಿಗಳಿಗೆ ಹೊಸ ನಿಯಮಗಳು ಬಂದವು. ಅವುಗಳಲ್ಲಿ 3ನೇ ನಿಯಮದ 2ನೇ ಉಪನಿಯಮ, ಬಿ ಖಂಡ, ಇಂಥ ಚಿತ್ರಗಳಿಗೆಂದೇ ಬೇರೆ ದಾರಿ ಹಾಕಿಕೊಟ್ಟಿತು. ಮೇಲ್ನೋಟಕ್ಕೇ ವ್ಯಕ್ತಿಯ ಗುಪ್ತಾಂಗ, ಪೂರ್ಣ ಅಥವಾ ಭಾಗಶಃ ನಗ್ನತೆ, ಲೈಂಗಿಕ ಕ್ರಿಯೆ ಕಾಣುವ ವಿಷಯ, ಅಥವಾ ಮುಖ ಅಂಟಿಸಿ ತಿದ್ದಿದ ಚಿತ್ರವೂ ಸೇರಿದಂತೆ ವ್ಯಕ್ತಿಯ ಸೋಗು ಹಾಕಿದ ವಿಷಯ ಇದ್ದರೆ, ಆ ವ್ಯಕ್ತಿಯೇ ಅಥವಾ ಅವರ ಪರವಾಗಿ ಇನ್ನೊಬ್ಬರು ಕೊಟ್ಟ ದೂರೇ ಸಾಕು. ಕೋರ್ಟ್ ಆದೇಶ ಬೇಕಿಲ್ಲ. ದೂರು ಬಂದ ಮೇಲೆ ನಿಗದಿತ ಗಡುವಿನೊಳಗೆ ಅದನ್ನು ತೆಗೆಯಲು, ಇಲ್ಲವೇ ಯಾರಿಗೂ ಸಿಗದಂತೆ ಮಾಡಲು ಸಾಧ್ಯವಿರುವ ಎಲ್ಲ ಕ್ರಮ ಕೈಗೊಳ್ಳಬೇಕು. 2021ರಲ್ಲಿ ಆ ಗಡುವು 24 ಗಂಟೆ ಇತ್ತು. ಆಮೇಲಿನ ತಿದ್ದುಪಡಿಯಲ್ಲಿ ಅದು ಇನ್ನೂ ಕಿರಿದಾಗಿದೆ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ 24 ಎಂದೇ ಇರುತ್ತದೆ. ಪರೀಕ್ಷೆಗೆ ಓದುವವರು ಜಾರಿಯಲ್ಲಿರುವ ಪಠ್ಯವನ್ನೇ ನೋಡಬೇಕು.

ಹಾಗಾದರೆ ಸುಪ್ರೀಂ ಕೋರ್ಟಿನ ಮಾತಿಗೂ ಈ ನಿಯಮಕ್ಕೂ ಘರ್ಷಣೆಯೇ? ಶ್ರೇಯಾ ಸಿಂಘಾಲ್ ವ್ಯಾಖ್ಯಾನ ಮಾಡಿದ್ದು ‘ನಿಜವಾಗಿ ತಿಳಿಯುವುದು’ ಎಂಬ ಷರತ್ತನ್ನು. ದೂರಿನ ಮೇಲೆ ತೆಗೆಯಬೇಕೆನ್ನುವ ಕರ್ತವ್ಯ ಬರುವುದು ‘ಎಚ್ಚರ ವಹಿಸಬೇಕು’ ಎಂಬ ಇನ್ನೊಂದು ಷರತ್ತಿನಿಂದ. ರಾಜಕೀಯ ಟೀಕೆಯೋ ಮಾನನಷ್ಟವೋ ಎಂದು ತೀರ್ಮಾನಿಸಲು ನ್ಯಾಯಾಧೀಶರು ಬೇಕು. ತನ್ನ ನಗ್ನ ಚಿತ್ರ ಇಲ್ಲಿದೆ, ತೆಗೆಯಿರಿ ಎಂದು ಆ ವ್ಯಕ್ತಿಯೇ ಹೇಳಿದಾಗ ತೂಗಿನೋಡುವುದಕ್ಕೆ ಹೆಚ್ಚೇನೂ ಇಲ್ಲ. ತಡವಾದ ಪ್ರತಿ ಗಂಟೆಯಲ್ಲೂ ಅದು ಇನ್ನಷ್ಟು ಫೋನುಗಳಿಗೆ ಇಳಿಯುತ್ತಿರುತ್ತದೆ. ಆದ್ದರಿಂದ ‘ಕೋರ್ಟ್ ಆದೇಶ ತನ್ನಿ’ ಎಂದ ಜಾಲತಾಣದ ಉತ್ತರ ಈ ಪ್ರಕರಣಕ್ಕೆ ತಪ್ಪು. ಬಿ ತಪ್ಪು, ಸಿ ಸರಿ.

ಸಿ ಆಯ್ಕೆಯ ಮಾತುಗಳನ್ನು ಇನ್ನೊಮ್ಮೆ ಗಮನಿಸಿ. ಜಾಲತಾಣ ‘ರಕ್ಷಣೆ ಕಳೆದುಕೊಳ್ಳುತ್ತದೆ’ ಎಂದಿದೆಯೇ ಹೊರತು ‘ಅಪರಾಧಿಯಾಗುತ್ತದೆ’ ಎಂದಿಲ್ಲ. ಅದೇ 2021ರ ನಿಯಮಗಳಲ್ಲಿ 7ನೆಯದು, ನಿಯಮ ಪಾಲಿಸದವರಿಗೆ 79ರ ರಕ್ಷಣೆ ಇಲ್ಲ, ಅವರ ಮೇಲೆ ಕಾನೂನಿನಂತೆ ಕ್ರಮ ಜರುಗಿಸಬಹುದು ಎನ್ನುತ್ತದೆ. ರಕ್ಷಣೆ ಹೋದ ಮೇಲೂ ಯಾವ ಸೆಕ್ಷನ್ನಿನ ಯಾವ ಅಪರಾಧ ಎಂಬುದನ್ನು ಅಭಿಯೋಜನೆ ಬೇರೆಯಾಗಿ ಸಾಬೀತು ಮಾಡಬೇಕು.

ಜಾಲತಾಣದಿಂದ ಚಿತ್ರ ತೆಗೆದರೆ ಸಾಕ್ಷ್ಯವೂ ಹೋಗುತ್ತದಲ್ಲ ಎಂಬ ಹೆದರಿಕೆಯಿಂದ ಕೆಲವರು ದೂರು ಕೊಡಲು ಹಿಂಜರಿಯುತ್ತಾರೆ. ತೆಗೆದ ಮಾಹಿತಿಯನ್ನು ತನಿಖೆಗಾಗಿ 180 ದಿನ ಕಾಯ್ದಿಡಬೇಕೆಂದು ನಿಯಮದಲ್ಲೇ ಇದೆ. ಆದರೂ ದೂರು ಕೊಡುವ ಮೊದಲು ಆ ಪುಟದ ಪೂರ್ತಿ ವಿಳಾಸ, ಹಾಕಿದ ಖಾತೆಯ ಹೆಸರು, ನೋಡಿದ ದಿನ ಮತ್ತು ಹೊತ್ತು ಬರೆದಿಟ್ಟುಕೊಳ್ಳಿ. ಜಾಲತಾಣಕ್ಕೆ ಕೊಟ್ಟ ದೂರಿನ ಪ್ರತಿಯನ್ನೂ ಇಟ್ಟುಕೊಳ್ಳಿ, ಏಕೆಂದರೆ ಗಡುವು ಎಣಿಸುವುದು ಅದು ತಲುಪಿದ ಹೊತ್ತಿನಿಂದ. ಪೊಲೀಸ್ ದೂರನ್ನು ಠಾಣೆಯಲ್ಲೂ ಕೊಡಬಹುದು, cybercrime.gov.in ತಾಣದಲ್ಲೂ ಕೊಡಬಹುದು.

ಕೊನೆಯದಾಗಿ, ಇದೇ ಪ್ರಶ್ನೆಯಲ್ಲಿ ಒಂದೇ ಸಂಗತಿ ಬದಲಿಸಿ ನೋಡಿ. ಯುವತಿಯ ವಯಸ್ಸು ಇಪ್ಪತ್ತೈದಲ್ಲ, ಹದಿನೇಳು ಎನ್ನಿ. ಆಗ ಮುಂದೆ ಬರುವುದು 67ಬಿ ಸೆಕ್ಷನ್. ಹದಿನೆಂಟು ತುಂಬದವರೆಲ್ಲ ಅಲ್ಲಿ ಮಕ್ಕಳು. ಚಿತ್ರ ತೆಗೆಯಲೂ ಹಂಚಲೂ ಆಕೆ ಒಪ್ಪಿದ್ದಳು ಎಂದರೂ ಆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅಂಥ ವಿಷಯವನ್ನು ಹುಡುಕುವುದು, ಡೌನ್‌ಲೋಡ್ ಮಾಡುವುದು ಕೂಡ ಅದರಡಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಆದ್ದರಿಂದ ಇಂಥ ಪ್ರಶ್ನೆ ಕಂಡಾಗ ಆಯ್ಕೆಗಳಿಗೆ ಹೋಗುವ ಮೊದಲು ಮೂರು ಸಂಗತಿ ಗುರುತಿಸಿಕೊಳ್ಳಿ: ಚಿತ್ರದಲ್ಲಿರುವವರ ವಯಸ್ಸೆಷ್ಟು, ಒಪ್ಪಿದ್ದು ಯಾವ ಕೆಲಸಕ್ಕೆ, ಜಾಲತಾಣಕ್ಕೆ ದೂರು ತಲುಪಿದ್ದು ಯಾವಾಗ.