ಒಂದೇ ಆಡಿಟ್ ವರದಿ, ಎರಡು ಸಾರಾಂಶ

ಐಟಿ ಆಡಿಟ್ ವರದಿಗೆ ಸಾರಾಂಶ ಬರೆಯುವುದೂ ನನ್ನ ಕೆಲಸ. ಅದರಲ್ಲಿ ಎಡವಿದ ಒಂದು ಪ್ರಸಂಗ ಹೇಳುತ್ತೇನೆ.

ಕೆಲಸ ಬಿಟ್ಟವರಲ್ಲಿ 40 ಮಂದಿಯ ಲಾಗಿನ್‌ಗಳನ್ನು ಆಡಿಟರ್ ಮಾದರಿಯಾಗಿ ಆರಿಸಿ ನೋಡಿದ್ದರು. 4 ಇನ್ನೂ ಚಾಲ್ತಿಯಲ್ಲಿದ್ದವು. ಮೇಲಧಿಕಾರಿಗಳಿಗೆ ಪುರುಸೊತ್ತಿಲ್ಲ ಎಂದು ನಾನು "4 ಹಳೆಯ ಲಾಗಿನ್‌ಗಳು ಚಾಲ್ತಿಯಲ್ಲಿವೆ" ಎಂದಷ್ಟೇ ಬರೆದೆ. "ನಾಲ್ಕೇ ತಾನೇ, ಮುಚ್ಚಿಬಿಡಿ" ಎಂದರು. ಆಡಿಟರ್ ನೋಡದೆ ಉಳಿದವರ ಲಾಗಿನ್‌ಗಳ ಬಗ್ಗೆ ಯಾರೂ ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಮಾದರಿ ಎಂಬ ಮಾತನ್ನೇ ನಾನು ಬಿಟ್ಟಿದ್ದೆ!

ಮತ್ತೆ ಬರೆದೆ. ಮೇಲಧಿಕಾರಿಗಳಿಗೆ ಅರ್ಧ ಪುಟ: ನೋಡಿದ 40ರಲ್ಲಿ 4 ಚಾಲ್ತಿಯಲ್ಲಿವೆ. ರಾಜೀನಾಮೆಯ ಸುದ್ದಿ ಎಚ್‌ಆರ್‌ನಿಂದ ಐಟಿಗೆ ತಿಂಗಳಿಗೊಮ್ಮೆ ಬರುವುದೇ ಕಾರಣ. ಅದು ಅದೇ ದಿನ ಬರಲಿ ಎಂದು ಎರಡೂ ವಿಭಾಗಗಳಿಗೆ ಹೇಳಬಲ್ಲವರು ಅವರೇ. ಲಾಗಿನ್ ಹೆಸರುಗಳು ಅವರಿಗೆ ಬೇಡ.

ಸಿಬ್ಬಂದಿಗೆ ಬೇಕಾದದ್ದೇ ಆ ಹೆಸರುಗಳು. ಕೆಲಸ ಬಿಟ್ಟ ದಿನ, ಕೊನೆಯ ಬಾರಿ ಲಾಗಿನ್ ಆದ ದಿನ, ಯಾರು ಯಾವಾಗ ಮುಚ್ಚಬೇಕು, ಎಲ್ಲ ಬರೆದೆ. ಉಳಿದವರ ಪಟ್ಟಿಯನ್ನೂ ತಾಳೆ ನೋಡಿ ಎಂದು ಸೇರಿಸಿದೆ. ಆಡಿಟರ್ ಕೊಟ್ಟ "ಗಂಭೀರ" ಎಂಬ ದರ್ಜೆ ಮಾತ್ರ ಎರಡರಲ್ಲೂ ಒಂದೇ. ಅದನ್ನು ಮೃದು ಮಾಡುವ ಹಕ್ಕು ನನಗಿಲ್ಲ.

ತಾಳೆ ನೋಡಿದಾಗ ಇನ್ನೂ 9 ಸಿಕ್ಕವು. ಅವುಗಳಲ್ಲಿ ಒಂದನ್ನು ಕೆಲಸ ಬಿಟ್ಟ ಮೇಲೂ ಯಾರೋ ಬಳಸಿದ್ದರು.