ಊರಿಗೆ ಮರಳಿದ ವೈದ್ಯರ ಒಂದು ಇಮೇಲ್



ನಾನು ಸಾಗರದಲ್ಲಿ ಮಕ್ಕಳ ವೈದ್ಯ. ಕೆಲವು ವರ್ಷಗಳಿಂದ ನನಗೆ ಒಂದು ಬಗೆಯ ಇಮೇಲ್ ಬರತೊಡಗಿದೆ. ಹೊರದೇಶದಲ್ಲಿ ಹತ್ತಾರು ವರ್ಷ ದುಡಿದ ವೈದ್ಯರು ಊರಿಗೆ ಮರಳಿದ್ದೇವೆ, ಇನ್ನು ಇಲ್ಲೇ ಇರುತ್ತೇವೆ ಎಂದು ತಿಳಿಸುವ ಪತ್ರ ಅದು. ಓದಿ ಸಂತೋಷವಾಗುತ್ತದೆ. ಆದರೆ ಮರುದಿನ ಬೆಳಿಗ್ಗೆ ಫಿಟ್ಸ್ ಬಂದ ಮಗುವೊಂದು ನನ್ನ ಮುಂದೆ ಇರುವಾಗ, ಅದನ್ನು ಈ ವೈದ್ಯರ ಬಳಿಗೆ ಕಳಿಸಬಹುದೋ ಇಲ್ಲವೋ ಎಂಬುದು ಪತ್ರದಿಂದ ತಿಳಿಯುವುದಿಲ್ಲ.

ಹಿಂದೆ ನನ್ನ ಕೈಕೆಳಗೆ ಹೌಸ್ ಸರ್ಜನ್ ಆಗಿದ್ದ ಒಬ್ಬ ಹುಡುಗ, ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಮಕ್ಕಳ ನರರೋಗ ತಜ್ಞನಾಗಿ ಶಿವಮೊಗ್ಗಕ್ಕೆ ಮರಳಿದ. ಜಿಲ್ಲೆಯ ಮಕ್ಕಳ ವೈದ್ಯರಿಗೆಲ್ಲ ಕಳಿಸಲಿದ್ದ ಇಮೇಲಿನ ಕರಡನ್ನು ಮೊದಲು ನನಗೆ ತೋರಿಸಿದ. ಆ ಕರಡನ್ನು ನಾವಿಬ್ಬರೂ ಹೇಗೆ ತಿದ್ದಿದೆವು ಎಂಬುದನ್ನು ಇವತ್ತು ಹೇಳುತ್ತೇನೆ.

ಕರಡಿನ ಮೊದಲ ಮೂರು ಪ್ಯಾರಾ ಪೂರ್ತಿ ಅವನು ಯಾಕೆ ಬಂದ ಎಂಬುದೇ ಇತ್ತು. ಅಪ್ಪನಿಗೆ ವಯಸ್ಸಾಗಿದೆ, ಮಗಳಿಗೆ ಅಜ್ಜಿಯ ಭಾಷೆ ಬರಬೇಕು, ತೋಟ ನೋಡಿಕೊಳ್ಳುವವರಿಲ್ಲ. ಎಲ್ಲವೂ ನಿಜ. "ಇದನ್ನೆಲ್ಲ ತೆಗೆದುಹಾಕಲೇ ಸರ್?" ಅಂದ. ಬೇಡ ಅಂದೆ. ಓದುವ ವೈದ್ಯನ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಇವರು ನಿಲ್ಲುತ್ತಾರೋ, ಆರು ತಿಂಗಳಿಗೆ ಮತ್ತೆ ವಿಮಾನ ಹತ್ತುತ್ತಾರೋ? ಫಿಟ್ಸ್ ಇರುವ ಮಗುವಿಗೆ ಔಷಧಿ ಎಷ್ಟೋ ವರ್ಷ ನಡೆಯುತ್ತದೆ. ನಡುವೆ ವೈದ್ಯರು ಬದಲಾದರೆ ತಾಯಿ ಮೊದಲಿಂದ ಎಲ್ಲ ಹೇಳಬೇಕು. ಹಾಗಾಗಿ ಕಾರಣ ಬೇಕು, ಆದರೆ ಎರಡು ವಾಕ್ಯ ಸಾಕು. ಅದರಲ್ಲೂ ನಂಬಿಕೆ ಹುಟ್ಟಿಸುವುದು ಭಾವನೆಗಿಂತ ಹೆಚ್ಚಾಗಿ ಆಗಿಹೋದ ಕೆಲಸ. ಅಲ್ಲಿನ ಹುದ್ದೆಗೆ ರಾಜೀನಾಮೆ ಕೊಟ್ಟಾಗಿದೆ, ಜೂನ್‌ನಿಂದ ಮಗಳು ಇಲ್ಲಿನ ಶಾಲೆಗೆ ಹೋಗುತ್ತಾಳೆ. ಇಷ್ಟನ್ನು ಉಳಿಸಿಕೊಂಡೆವು.

ಆಮೇಲೆ ಹೆಸರಿನ ಮುಂದಿನ ಅಕ್ಷರಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಬ್ರಿಟನ್ನಿನಲ್ಲಿ ಮಕ್ಕಳ ವೈದ್ಯರು ಎಂ.ಆರ್.ಸಿ.ಪಿ.ಸಿ.ಎಚ್. ಎಂಬ ಪರೀಕ್ಷೆ ಮುಗಿಸುತ್ತಾರೆ. ಅದು ಅಲ್ಲಿನ ರಾಯಲ್ ಕಾಲೇಜಿನ ಸದಸ್ಯತ್ವ. ಅದೊಂದರಿಂದಲೇ ಇಲ್ಲಿ ತಜ್ಞರೆಂಬ ಮಾನ್ಯತೆ ಸಿಗುವುದಿಲ್ಲ. ಅದರ ಮೇಲೆ ವರ್ಷಗಟ್ಟಲೆ ತರಬೇತಿ ಮುಗಿಸಿದವರಿಗೆ ಸಿ.ಸಿ.ಟಿ. ಎಂಬ ಪ್ರಮಾಣಪತ್ರ ಕೊಡುತ್ತಾರೆ. ಇಲ್ಲಿ ನೋಂದಣಿಗೆ ಆಧಾರವಾಗುವುದು ಅದು. ಇವನ ಬಳಿ ಎರಡೂ ಇದ್ದವು. ಆದರೆ ಪ್ರಮಾಣಪತ್ರ ಕೈಯಲ್ಲಿರುವುದು ಬೇರೆ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ ಅದು ಸೇರುವುದು ಬೇರೆ. ಜೊತೆಗೆ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಇವನದು ಹೊರಗಿದ್ದಾಗ ತಪ್ಪಿಹೋಗಿತ್ತು. ತನ್ನ ಮೇಲೆ ಯಾವ ದೂರೂ ಇಲ್ಲವೆಂದು ಬ್ರಿಟನ್ನಿನ ವೈದ್ಯಕೀಯ ಮಂಡಳಿಯಿಂದ ಪಡೆಯುವ ಪತ್ರವೂ ಮೂರೇ ತಿಂಗಳು ಚಾಲ್ತಿಯಲ್ಲಿರುತ್ತದೆ. ಬೇಗ ತರಿಸಿಟ್ಟುಕೊಂಡರೆ ಕೆಲಸಕ್ಕೆ ಬರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಕರಡಿನಲ್ಲಿ "ಜೂನ್ ಒಂದರಿಂದ ರೋಗಿಗಳನ್ನು ನೋಡುತ್ತೇನೆ" ಎಂದಿತ್ತು. ನೋಂದಣಿ ಸಂಖ್ಯೆ ಕೈಗೆ ಬಂದಿದೆಯೇನಪ್ಪಾ ಎಂದು ಕೇಳಿದೆ. ಇನ್ನೂ ಇಲ್ಲ ಸರ್, ಅಂದ. ಹಾಗಾದರೆ ಇಮೇಲ್ ಈಗ ಹೋಗುವುದು ಬೇಡ ಅಂದೆ. ಪರಿಷತ್ತಿನ ಪತ್ರ ಬಂದ ಮೇಲೆ, ಸಂಖ್ಯೆಯನ್ನು ಪತ್ರದೊಳಗೇ ಬರೆದು ಕಳಿಸಿದ. ಆರು ವಾರ ತಡವಾಯಿತು. ಕೊಟ್ಟ ದಿನಾಂಕಕ್ಕೆ ಬಾಗಿಲು ತೆರೆಯದಿದ್ದರೆ ಆಗುತ್ತಿದ್ದ ನಷ್ಟಕ್ಕೆ ಹೋಲಿಸಿದರೆ ಆರು ವಾರ ದೊಡ್ಡದಲ್ಲ.

ಪತ್ರದಲ್ಲಿ ಏನು ಬರೆಯಬಹುದು ಎಂಬುದಕ್ಕೂ ಒಂದು ಗೆರೆ ಇದೆ. ವೈದ್ಯರ ನಡತೆಯ ಬಗ್ಗೆ 2002ರ ನಿಯಮಗಳಿವೆ. ವೈದ್ಯ ತನ್ನ ಬಗ್ಗೆ ಜಾಹೀರಾತು ಕೊಡುವಂತಿಲ್ಲ. ಆದರೆ ವೃತ್ತಿ ಆರಂಭಿಸಿದಾಗ, ವಿಳಾಸ ಬದಲಿಸಿದಾಗ, ಬಿಟ್ಟ ವೃತ್ತಿಯನ್ನು ಮತ್ತೆ ಶುರುಮಾಡಿದಾಗ ಪತ್ರಿಕೆಯಲ್ಲಿ ಔಪಚಾರಿಕ ಪ್ರಕಟಣೆ ಕೊಡಬಹುದು. ಸಹವೈದ್ಯರಿಗೆ ಬರೆಯುವ ಪತ್ರದಲ್ಲೂ ಅದೇ ಮಿತಿ ಇರಲಿ ಎಂದೆ. "ವಿದೇಶದ ಮಟ್ಟದ ಚಿಕಿತ್ಸೆ" ಎಂಬ ಸಾಲನ್ನು ಹೊಡೆದುಹಾಕಿದೆವು. ರೋಗಿಯನ್ನು ಕಳಿಸಿದವರಿಗೆ ಪಾಲು ಕೊಡುವುದಂತೂ ಅದೇ ನಿಯಮಗಳಲ್ಲಿ ನಿಷಿದ್ಧ. ಅಂಥ ಸುಳಿವೂ ಪತ್ರದಲ್ಲಿ ಬರಬಾರದು. ಅದರ ಬದಲು, ಮಗುವನ್ನು ನೋಡಿದ ದಿನವೇ ಕಳಿಸಿದ ವೈದ್ಯರಿಗೆ ಒಂದು ಪುಟದ ವರದಿ ಬರೆಯುತ್ತೇನೆ, ಮುಂದಿನ ತಪಾಸಣೆ ನಿಮ್ಮಲ್ಲೇ ನಡೆಯಲಿ ಎಂದು ಸೇರಿಸಿದ. ನನ್ನಂಥವರಿಗೆ ಬೇಕಾದದ್ದು ಅದೇ.

ಇನ್ನು ಮುಖ್ಯ ಭಾಗ, ಯಾವಾಗ ಸಿಗುತ್ತೇನೆ, ಏನು ಆಗುತ್ತದೆ ಎಂಬುದು. ಕರಡಿನಲ್ಲಿ "ಯಾವಾಗ ಬೇಕಾದರೂ ಸಂಪರ್ಕಿಸಿ" ಎಂದಷ್ಟೇ ಇತ್ತು. ಹಾಗೆಂದರೆ ಯಾರೂ ಸಂಪರ್ಕಿಸುವುದಿಲ್ಲ. ಹೊಸನಗರದ ತಾಯಿ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರಬೇಕು. ಅವಳಿಗೆ ವಾರ ಬೇಕು, ಗಂಟೆ ಬೇಕು. ಕೊನೆಗೆ ಆ ಭಾಗ ಹೀಗಾಯಿತು, ಓದುತ್ತೇನೆ:

"ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 10ರಿಂದ 2ರವರೆಗೆ ಹೊರರೋಗಿಗಳನ್ನು ನೋಡುತ್ತೇನೆ. ಇ.ಇ.ಜಿ. ಪರೀಕ್ಷೆ ಈ ಎರಡು ದಿನ ಮಾತ್ರ ಇರುತ್ತದೆ. ಮಗು ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದು. ಪರೀಕ್ಷೆಯ ವೇಳೆ ನಿದ್ದೆ ಬರುವಂತೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ. ಅರಿವಳಿಕೆ ಕೊಟ್ಟು ಮಾಡುವ ಎಂ.ಆರ್.ಐ. ನನ್ನಲ್ಲಿ ಸದ್ಯಕ್ಕೆ ಆಗುವುದಿಲ್ಲ, ಅದಕ್ಕೆ ಬೆಂಗಳೂರಿಗೇ ಕಳಿಸಬೇಕು. ಐದು ನಿಮಿಷವಾದರೂ ನಿಲ್ಲದ ಫಿಟ್ಸ್ ಇರುವ ಮಗುವನ್ನು ನನ್ನ ಬಳಿಗೆ ಕಳಿಸಬೇಡಿ, ಹತ್ತಿರದ ಆಸ್ಪತ್ರೆಯಲ್ಲೇ ಮೊದಲು ನಿಲ್ಲಿಸಿ, ಆಮೇಲೆ ಫೋನ್ ಮಾಡಿ."

ಏನು ಆಗುವುದಿಲ್ಲ ಎಂದು ಬರೆಯಲು ಅವನಿಗೆ ಮೊದಲು ಮನಸ್ಸಿರಲಿಲ್ಲ. ಆದರೆ ನಂಬಿ ಬಂದು ಬರಿಗೈಲಿ ಹಿಂದಿರುಗಿದ ತಾಯಿ ಮತ್ತೊಮ್ಮೆ ಬರುವುದಿಲ್ಲ, ಕಳಿಸಿದ ವೈದ್ಯನೂ ಮತ್ತೊಮ್ಮೆ ಕಳಿಸುವುದಿಲ್ಲ.

ಒಂದು ಸಾಲನ್ನು ಅವನೇ ಸೇರಿಸಿದ. ಇಡೀ ಪತ್ರದಲ್ಲಿ ಬೆಲೆಬಾಳುವ ಸಾಲು ಅದೇ. "ಒಂದು ವರ್ಷದೊಳಗಿನ ಮಗು ನಿದ್ದೆಯಿಂದ ಏಳುವಾಗ ತಲೆ ಬಗ್ಗಿಸಿ, ಕೈ ಚಾಚಿ, ಒಂದರ ಹಿಂದೊಂದು ಬೆಚ್ಚಿದಂತೆ ಮಾಡುತ್ತಿದ್ದರೆ ಹೊರರೋಗಿ ದಿನಕ್ಕೆ ಕಾಯಬೇಡಿ. ವಿಡಿಯೋ ತೆಗೆಸಿ, ಅಂದೇ ಕಳಿಸಿ." ಇದು ಶಿಶುಗಳಿಗೆ ಬರುವ ಒಂದು ಬಗೆಯ ಫಿಟ್ಸ್. ಹೊಟ್ಟೆನೋವೆಂದೋ, ಬೆಚ್ಚುವ ಸ್ವಭಾವವೆಂದೋ ಮನೆಯವರೂ ವೈದ್ಯರೂ ಬಿಟ್ಟುಬಿಡುವುದುಂಟು. ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿಯ ಬೆಳವಣಿಗೆ ಹಿಂದುಳಿಯುತ್ತದೆ. ಹಾರ್ಮೋನಿನ ಚುಚ್ಚುಮದ್ದು, ಬಾಯಿಯಲ್ಲಿ ಕೊಡುವ ಸ್ಟೀರಾಯ್ಡ್ ಅಥವಾ ವಿಗಾಬಟ್ರಿನ್ ಎಂಬ ಮಾತ್ರೆ, ಇವುಗಳಲ್ಲಿ ಒಂದನ್ನು ಬೇಗ ಶುರುಮಾಡಬೇಕು.

ಇಮೇಲ್ ಹೋಗಿ ಒಂದು ತಿಂಗಳಾಗಿರಬಹುದು. ಏಳು ತಿಂಗಳ ಮಗುವನ್ನು ಅದರ ಅಜ್ಜಿ ನನ್ನ ಬಳಿಗೆ ಕರೆತಂದರು. ಎದ್ದ ತಕ್ಷಣ ಎಂಟು ಹತ್ತು ಸಲ ಬಗ್ಗುತ್ತದೆ, ನಗುವುದನ್ನೂ ಬಿಟ್ಟಿದೆ ಅಂದರು. ಅವತ್ತು ಬುಧವಾರ, ಅವನ ಹೊರರೋಗಿ ದಿನವಲ್ಲ. ಪತ್ರದಲ್ಲಿ ಆ ಸಾಲು ಇದ್ದದ್ದರಿಂದ ನಾನು ಹಿಂಜರಿಯಲಿಲ್ಲ. ವಿಡಿಯೋ ಕಳಿಸಿದೆ. ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಅಂದ. ಟೆಕ್ನಿಷಿಯನ್ನನ್ನು ಕರೆಸಿ ಸಂಜೆಯೇ ಇ.ಇ.ಜಿ. ಮಾಡಿಸಿದ, ಅನುಮಾನ ನಿಜವಾಗಿತ್ತು. ರಾತ್ರಿಯೇ ಔಷಧಿ ಶುರುವಾಯಿತು, ವರದಿಯ ಪುಟವೂ ನನಗೆ ರಾತ್ರಿಯೇ ಬಂತು.

ಮೂರು ತಿಂಗಳ ಮೇಲೆ ಅವನ ಶುಕ್ರವಾರ ಶನಿವಾರಕ್ಕೆ ಬದಲಾಯಿತು. ಹೊಸ ಪತ್ರ ಬರೆಯದೆ, ಹಳೆಯ ಇಮೇಲಿಗೇ ಉತ್ತರವಾಗಿ, ಅದೇ ವಿಷಯದ ಸಾಲಿನ ಕೆಳಗೆ ಬದಲಾದ ದಿನವನ್ನು ಕಳಿಸಿದ. ಹುಡುಕಿದಾಗ ಎರಡೂ ಒಟ್ಟಿಗೇ ಸಿಗುತ್ತವೆ. ನಾನು ಅದನ್ನು ಅಚ್ಚು ಹಾಕಿಸಿ, ನಮ್ಮ ನರ್ಸ್ ಕೂರುವ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.